ವಾಚ್ 85 ಅಂದಾಗ

ಹೋದ ಚಳಿಗಾಲದಲ್ಲಿ ಒಂದು ರಾತ್ರಿ, ಸುಮಾರು ಎರಡೂವರೆ ಗಂಟೆಗೆ, ನಮ್ಮ ಭಾವ ಫೋನ್ ಮಾಡಿದರು. ನೀರು ಕುಡಿಯಲು ಎದ್ದವರು ಸುಮ್ನೆ ವಾಚ್ ನೋಡಿಕೊಂಡಿದ್ದಾರೆ. ರಕ್ತದ ಆಕ್ಸಿಜನ್ 84 ಅಂತ ಬಂದಿದೆ. ಕೋವಿಡ್ ಕಾಲದಲ್ಲಿ ನಾವೆಲ್ಲ ಬಾಯಿಪಾಠ ಮಾಡಿಕೊಂಡ ಒಂದು ಸಂಖ್ಯೆ ಇದೆಯಲ್ಲ, 94. ಅದಕ್ಕಿಂತ ಕೆಳಗಿಳಿದರೆ ಗಾಬರಿ. ಭಾವನವರಿಗೂ ಅದೇ ನೆನಪಾಗಿದೆ. ಅಕ್ಕ ಸ್ವೆಟರ್ ಹಾಕಿಸಿ, ಕಾರು ತೆಗೆಸಿ, ಹತ್ತಿರದ ನರ್ಸಿಂಗ್ ಹೋಮ್‌ಗೆ ಕರೆದುಕೊಂಡು ಹೋಗಿದ್ದಾರೆ. ಅಲ್ಲಿ ಬೆರಳಿಗೆ ಕ್ಲಿಪ್ ಹಾಕಿದರು. 97. ಡ್ಯೂಟಿ ಡಾಕ್ಟರು ಕೇಳಿದ ಮೊದಲ ಪ್ರಶ್ನೆ, "ಸರ್, ನೀವು ಯಾವ ಮಗ್ಗುಲಲ್ಲಿ ಮಲಗುತ್ತೀರಿ?"

ಎಡ ಮಗ್ಗುಲು. ವಾಚ್ ಇದ್ದದ್ದೂ ಎಡಗೈಯಲ್ಲೇ.

ಎಲ್ಲರೂ ನಕ್ಕು ಮನೆಗೆ ಬಂದರು. ನಾನು ಮಾತ್ರ ಇನ್ನೊಂದು ವಿಷಯಕ್ಕೆ ತಲೆ ಕೆಡಿಸಿಕೊಂಡೆ. ನಾನು ಬಹಳ ವರ್ಷ ಆಸ್ಪತ್ರೆ ಉಪಕರಣಗಳ ತಪಾಸಣೆ, ರಿಪೇರಿ ಮಾಡಿದವನು. ವಾಚ್ ತಪ್ಪು ತೋರಿಸಿತು, ಸರಿ. ಆದರೆ ತಪ್ಪು ತೋರಿಸುವುದೇ ಆದರೆ 52 ತೋರಿಸಬಹುದಿತ್ತು, 71 ತೋರಿಸಬಹುದಿತ್ತು. 84 ಯಾಕೆ? ಅದಕ್ಕೆ ಒಂದು ಕಾರಣ ಇದೆ. ಇವತ್ತು ನಾನು ಹೇಳಲು ಬಂದಿರುವುದು ಅದನ್ನೇ. ಈ ವಾಚುಗಳು ಸುಳ್ಳು ಹೇಳುವಾಗಲೂ ಮನಸ್ಸಿಗೆ ಬಂದ ಸುಳ್ಳು ಹೇಳುವುದಿಲ್ಲ. ಅವಕ್ಕೆ ಅಂತಲೇ ಕೆಲವು ಸುಳ್ಳುಗಳಿವೆ. ಅವು ಯಾವುವು ಅಂತ ಗೊತ್ತಿದ್ದರೆ ಹಿಡಿಯುವುದು ಅಷ್ಟೇನೂ ಕಷ್ಟ ಅಲ್ಲ.

ಮೊದಲು ನಾಡಿಯ ವಿಷಯ. ನಿಮ್ಮಲ್ಲಿ ವಾಚ್ ಕಟ್ಟಿರುವವರು ಒಂದು ಕ್ಷಣ ಬಿಚ್ಚಿ ಅದರ ಬೆನ್ನು ನೋಡಿ. ಹಸಿರು ಬೆಳಕು ಮಿಣಮಿಣ ಅನ್ನುತ್ತಿರುತ್ತದೆ. ಅದರ ಪಕ್ಕದಲ್ಲಿ ಬೆಳಕನ್ನು ಅಳೆಯುವ ಸಣ್ಣ ಕಪ್ಪು ಚೌಕ ಇದೆ. ಕೆಲಸ ಇಷ್ಟೇ: ಹಸಿರು ಬೆಳಕು ಚರ್ಮದೊಳಗೆ ಹೋಗುತ್ತದೆ, ಒಂದಿಷ್ಟು ಚದುರಿ ವಾಪಸ್ ಬರುತ್ತದೆ, ಬಂದದ್ದನ್ನು ಆ ಚೌಕ ಅಳೆಯುತ್ತದೆ. ರಕ್ತ ಹಸಿರು ಬೆಳಕನ್ನು ಚೆನ್ನಾಗಿ ಹೀರಿಕೊಳ್ಳುತ್ತದೆ. ಹೃದಯ ಒಮ್ಮೆ ಒತ್ತಿದಾಗ ಚರ್ಮದ ಕೆಳಗಿನ ಸಣ್ಣ ನಾಳಗಳಲ್ಲಿ ರಕ್ತ ಸ್ವಲ್ಪ ಹೆಚ್ಚುತ್ತದೆ, ಆಗ ವಾಪಸ್ ಬರುವ ಬೆಳಕು ಸ್ವಲ್ಪ ಕಡಿಮೆ ಆಗುತ್ತದೆ. ಮತ್ತೆ ಹೆಚ್ಚುತ್ತದೆ. ಈ ಏರಿಳಿತವನ್ನು ಎಣಿಸಿದರೆ ನಾಡಿ ಸಿಕ್ಕಿತು.

ಕೇಳಲು ಸುಲಭ. ತೊಂದರೆ ಇರುವುದು ಆ "ಸ್ವಲ್ಪ" ಅನ್ನುವ ಮಾತಿನಲ್ಲಿ. ಬೆರಳ ತುದಿಯಲ್ಲಿ ಈ ಏರಿಳಿತ ಒಟ್ಟು ಬೆಳಕಿನ ನೂರರಲ್ಲಿ ಒಂದು ಪಾಲು, ಹೆಚ್ಚೆಂದರೆ ಎರಡು ಮೂರು. ಮಣಿಕಟ್ಟಿನಲ್ಲಿ ಅದಕ್ಕಿಂತಲೂ ಕಡಿಮೆ. ಉಳಿದದ್ದೆಲ್ಲ ಚರ್ಮ, ಕೊಬ್ಬು, ಮೂಳೆ, ಮತ್ತು ಸುಮ್ಮನೆ ನಿಂತಿರುವ ರಕ್ತದಿಂದ ಬಂದದ್ದು. ಅಂದರೆ ವಾಚು ಕೇಳುತ್ತಿರುವುದು ಜಾತ್ರೆಯ ಮಧ್ಯೆ ಯಾರೋ ಪಿಸುಗುಟ್ಟಿದ್ದನ್ನು. ವಾಚು ಒಂದು ಕೂದಲೆಳೆಯಷ್ಟು ಜಾರಿದರೂ ಬೆಳಕು ನಾಡಿಗಿಂತ ಎಷ್ಟೋ ಪಟ್ಟು ಜಾಸ್ತಿ ಅಲುಗಾಡುತ್ತದೆ.

ಕೂತಾಗ, ಮಲಗಿದಾಗ ಈ ಪಿಸುಮಾತು ಚೆನ್ನಾಗಿಯೇ ಕೇಳಿಸುತ್ತದೆ. ಒಳ್ಳೆಯ ವಾಚನ್ನು ಸರಿಯಾಗಿ ಕಟ್ಟಿಕೊಂಡು ಕೈ ಅಲುಗಾಡಿಸದೆ ಕೂತರೆ ಅದು ಹೇಳುವ ನಾಡಿಗೂ ಇಸಿಜಿ ಹೇಳುವ ನಾಡಿಗೂ ಎರಡು ಮೂರು ಬಡಿತಕ್ಕಿಂತ ಹೆಚ್ಚು ವ್ಯತ್ಯಾಸ ಸಾಮಾನ್ಯವಾಗಿ ಇರುವುದಿಲ್ಲ. ಆ ವಿಷಯದಲ್ಲಿ ನನಗೆ ದೂರಿಲ್ಲ.

ಓಡಲು ಶುರು ಮಾಡಿದಾಗ ಕಥೆ ಬೇರೆ. ನನ್ನ ಅನುಭವವನ್ನೇ ಹೇಳುತ್ತೇನೆ. ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ನಾನು ಬೆಳಿಗ್ಗೆ ಓಡುತ್ತೇನೆ. ಓಡುತ್ತೇನೆ ಅನ್ನುವುದು ದೊಡ್ಡ ಮಾತಾಯಿತು, ಪಕ್ಕದವರ ಜೊತೆ ಮಾತಾಡಿಕೊಂಡು ಹೋಗುವಷ್ಟು ನಿಧಾನ. ಒಂದು ದಿನ ವಾಚ್ 166 ಅಂತು. ನನ್ನ ವಯಸ್ಸಿಗೆ 166 ಅಂದರೆ ಮಾತು ಹೊರಡಬಾರದು. ನಾನೋ, ಪಕ್ಕದವರಿಗೆ ಸೈಟಿನ ರೇಟು ವಿವರಿಸುತ್ತಿದ್ದೆ. ಮರುದಿನ ಎದೆಗೆ ಪಟ್ಟಿ ಕಟ್ಟಿಕೊಂಡು ಅದೇ ವೇಗದಲ್ಲಿ ಓಡಿದೆ. ಪಟ್ಟಿ ಹೃದಯದ ವಿದ್ಯುತ್ತನ್ನೇ ಹಿಡಿಯುತ್ತದೆ, ಅದಕ್ಕೆ ಬೆಳಕಿನ ಗೊಡವೆ ಇಲ್ಲ. ಪಟ್ಟಿಯಲ್ಲಿ 131, ವಾಚಿನಲ್ಲಿ 165. ಆಮೇಲೆ ವಾಚಿನ ಇನ್ನೊಂದು ಪುಟ ತೆಗೆದು ನೋಡಿದೆ. ನಿಮಿಷಕ್ಕೆ ಎಷ್ಟು ಹೆಜ್ಜೆ ಅಂತ ತೋರಿಸುತ್ತದಲ್ಲ, ಅದು. ಅಲ್ಲಿ 165.

ವಾಚು ನನ್ನ ಹೃದಯವನ್ನು ಎಣಿಸುತ್ತಿರಲಿಲ್ಲ, ಹೆಜ್ಜೆಯನ್ನು ಎಣಿಸುತ್ತಿತ್ತು.

ಇದು ಅಪರೂಪ ಏನಲ್ಲ. ಪ್ರತಿ ಹೆಜ್ಜೆಗೂ ಮೈ ಕುಲುಕುತ್ತದೆ, ವಾಚೂ ಕುಲುಕುತ್ತದೆ, ಮಣಿಕಟ್ಟಿನ ರಕ್ತವೂ ತುಳುಕುತ್ತದೆ. ಬೆಳಕಿನ ಅಲೆಯಲ್ಲಿ ಹೆಜ್ಜೆಯ ತಾಳ ನಾಡಿಯ ತಾಳಕ್ಕಿಂತ ಗಟ್ಟಿಯಾಗಿ ಬರುತ್ತದೆ. ವಾಚಿನೊಳಗೆ ಚಲನೆ ಅಳೆಯುವ ಇನ್ನೊಂದು ಸೆನ್ಸರ್ ಇದೆ. ಅದು ಹೇಳಿದ ತಾಳವನ್ನು ಬೆಳಕಿನ ಅಲೆಯಿಂದ ಕಳೆಯಬೇಕು, ಉಳಿದದ್ದು ನಾಡಿ. ಈ ಕಳೆಯುವ ಲೆಕ್ಕ ಚೆನ್ನಾಗಿ ಮಾಡುವ ವಾಚು ಒಳ್ಳೆಯ ವಾಚು. ಆದರೆ ಎಷ್ಟೇ ಒಳ್ಳೆಯದಾದರೂ ಹೆಜ್ಜೆಯೂ ನಾಡಿಯೂ ಹತ್ತಿರ ಹತ್ತಿರ ಬಂದಾಗ ಯಾವುದನ್ನು ಕಳೆಯಬೇಕು, ಯಾವುದನ್ನು ಇಟ್ಟುಕೊಳ್ಳಬೇಕು ಅನ್ನುವುದು ಅದಕ್ಕೆ ತಿಳಿಯುವುದಿಲ್ಲ.

ಜೋರಾಗಿ ನಡೆಯುವವರಿಗೆ ಇದು ಇನ್ನೂ ಮೋಸದ್ದು. ಚುರುಕಾದ ನಡಿಗೆಯಲ್ಲಿ ನಿಮಿಷಕ್ಕೆ 110ರಿಂದ 120 ಹೆಜ್ಜೆ ಬೀಳುತ್ತವೆ. ನಾಡಿ 115 ಅಂತ ವಾಚು ಹೇಳಿದರೆ ಯಾರಿಗೂ ಅನುಮಾನ ಬರುವುದಿಲ್ಲ. ನಡೆಯುವಾಗ ಅಷ್ಟು ಇರುತ್ತದೆ ಅಲ್ವಾ ಅಂತ ನಂಬಿಬಿಡುತ್ತೇವೆ. ನಿಜವಾದ ನಾಡಿ 92 ಇರಬಹುದು.

ಕಂಡುಹಿಡಿಯುವುದು ಹೇಗೆ? ಹೃದಯ ನಿಧಾನಸ್ಥ. ಓಡಲು ಶುರು ಮಾಡಿದರೆ ಮೆಟ್ಟಿಲು ಹತ್ತಿದ ಹಾಗೆ ಒಂದೊಂದಾಗಿ ಏರುತ್ತದೆ, ನಿಲ್ಲಿಸಿದರೆ ಒಂದೆರಡು ನಿಮಿಷ ತೆಗೆದುಕೊಂಡು ಇಳಿಯುತ್ತದೆ. ಹೆಜ್ಜೆ ಹಾಗಲ್ಲ. ಹಾಗಾಗಿ ಓಟದ ಗ್ರಾಫ್ ತೆಗೆದು ನೋಡಿ. ನಾಡಿಯ ಗೆರೆ ನಾಲ್ಕೈದು ಸೆಕೆಂಡಿನಲ್ಲಿ 125ರಿಂದ 165ಕ್ಕೆ ಹಾರಿ, ಅಲ್ಲಿ ಮೊಳೆ ಹೊಡೆದ ಹಾಗೆ ನಿಂತಿದ್ದರೆ ಅದು ಹೆಜ್ಜೆ. ಓಡುತ್ತಿರುವಾಗಲೇ ಅನುಮಾನ ಬಂದರೆ ನಿಂತುಬಿಡಿ. ನಿಂತ ಕೂಡಲೇ ಸಂಖ್ಯೆ ದಬಕ್ಕನೆ ಬಿದ್ದರೆ ಆಗಲೂ ಅದು ಹೆಜ್ಜೆಯೇ.

ಇದಕ್ಕೆ ಮದ್ದು ಬಹಳ ಸಾದಾ. ಬಹಳ ಜನ ವಾಚನ್ನು ಬಳೆಯ ಹಾಗೆ ಸಡಿಲವಾಗಿ, ಮಣಿಕಟ್ಟಿನ ಗಂಟಿನ ಮೇಲೇ ಕಟ್ಟುತ್ತಾರೆ. ಅಲ್ಲಿ ಮೂಳೆ ಬಿಟ್ಟರೆ ಬೇರೆ ಏನೂ ಇಲ್ಲ. ಗಂಟಿನಿಂದ ಒಂದು ಬೆರಳು ಅಗಲ ಮೊಳಕೈ ಕಡೆಗೆ ಸರಿಸಿ, ಓಡುವಾಗ ಒಂದು ತೂತು ಬಿಗಿ ಮಾಡಿ. ಚಳಿಯಲ್ಲಿ ಮೊದಲ ಹತ್ತು ನಿಮಿಷದ ಸಂಖ್ಯೆಯನ್ನು ಲೆಕ್ಕಕ್ಕೇ ತೆಗೆದುಕೊಳ್ಳಬೇಡಿ. ಕೈ ತಣ್ಣಗಿದ್ದರೆ ಚರ್ಮದ ನಾಳಗಳು ಮುದುಡಿಕೊಂಡಿರುತ್ತವೆ, ಪಿಸುಮಾತೂ ನಿಂತುಹೋಗಿರುತ್ತದೆ. ಸೈಕಲ್ ಹ್ಯಾಂಡಲ್ ಹಿಡಿದಾಗ, ಜಿಮ್‌ನಲ್ಲಿ ಭಾರ ಎತ್ತಿದಾಗ ಮಣಿಕಟ್ಟು ಮಡಚುತ್ತದೆ, ಸ್ನಾಯು ಬಿಗಿಯುತ್ತದೆ. ಆಗ ಎದೆಪಟ್ಟಿಯೇ ಬೇಕು.

ಮನೆಗೆ ಹೋಗಿ ಒಂದು ಆಟ ಆಡಿ. ವಾಚನ್ನು ಬಾಳೆಹಣ್ಣಿಗೆ ಕಟ್ಟಿ. ಎಷ್ಟೋ ವಾಚುಗಳು ಬಾಳೆಹಣ್ಣಿಗೂ ಒಂದು ನಾಡಿ ಹೇಳುತ್ತವೆ. ಇದರ ವಿಡಿಯೋ ನೋಡಿ "ನೋಡಿ, ಎಲ್ಲಾ ಮೋಸ" ಅಂತ ಕೆಲವರು ತೀರ್ಮಾನ ಮಾಡುತ್ತಾರೆ. ಹಾಗಲ್ಲ. ವಾಚಿನ ಲೆಕ್ಕ ಒಂದು ತಾಳವನ್ನು ಹುಡುಕುತ್ತದೆ, ನಿಮಿಷಕ್ಕೆ ಸುಮಾರು 30ರಿಂದ 220ರ ಒಳಗೆ. ಹಣ್ಣಿನಿಂದ ವಾಪಸ್ ಬಂದ ಬೆಳಕಿನಲ್ಲೂ ಚೂರುಪಾರು ಅಲುಗಾಟ ಇದ್ದೇ ಇರುತ್ತದೆ. ಅದರಲ್ಲಿ ಎಲ್ಲಕ್ಕಿಂತ ಗಟ್ಟಿಯಾದ ತಾಳ ಯಾವುದೋ ಅದನ್ನೇ ಹೇಳುತ್ತದೆ. ಒಳ್ಳೆಯ ವಾಚು "ಗೊತ್ತಾಗುತ್ತಿಲ್ಲ" ಅಂತ ಎರಡು ಗೆರೆ ತೋರಿಸಿ ಸುಮ್ಮನಾಗುತ್ತದೆ. ಹಾಗೆ ಗೆರೆ ತೋರಿಸುವ ವಾಚನ್ನು ಅಂಗಡಿಯವರಿಗೆ ವಾಪಸ್ ಕೊಡುವವರೂ ಇದ್ದಾರೆ. ಅದು ಬೇರೆ ವಿಷಯ.

ಈಗ ಆಕ್ಸಿಜನ್‌ಗೆ ಬರೋಣ. ರಾತ್ರಿ ದೀಪ ಆರಿಸಿದ ಮೇಲೆ ಕೆಲವರು ನೋಡಿರಬಹುದು, ವಾಚಿನ ಕೆಳಗಿಂದ ಕೆಂಪು ಬೆಳಕು ಇಣುಕುತ್ತದೆ. ಅದರ ಜೊತೆಗೆ ಕಣ್ಣಿಗೆ ಕಾಣದ ಇನ್ಫ್ರಾರೆಡ್ ಬೆಳಕೂ ಹೊರಡುತ್ತಿರುತ್ತದೆ. ಆಕ್ಸಿಜನ್ ಹೊತ್ತ ರಕ್ತ ಕೆಂಪಗೆ ಹೊಳೆಯುತ್ತದೆ, ಆಕ್ಸಿಜನ್ ಬಿಟ್ಟ ರಕ್ತ ಕಪ್ಪಾಗುತ್ತದೆ. ಕಪ್ಪು ರಕ್ತ ಕೆಂಪು ಬೆಳಕನ್ನು ಜಾಸ್ತಿ ನುಂಗುತ್ತದೆ. ಇನ್ಫ್ರಾರೆಡ್ ವಿಷಯದಲ್ಲಿ ಇದು ತಿರುಗುಮುರುಗು. ಹಾಗಾಗಿ ಎರಡೂ ಬೆಳಕಿನಲ್ಲಿ ನಾಡಿಯ ಏರಿಳಿತ ಎಷ್ಟೆಷ್ಟು ಅಂತ ಅಳೆದು ಹೋಲಿಸಿದರೆ ರಕ್ತದಲ್ಲಿ ಎಷ್ಟು ಪಾಲು ಆಕ್ಸಿಜನ್ ಹೊತ್ತಿದೆ ಅಂತ ಹೇಳಬಹುದು.

ಇದನ್ನು ಕಂಡುಹಿಡಿದವರು ಜಪಾನಿನ ತಕುವೊ ಅವೊಯಾಗಿ. ಅವರು ಹುಡುಕುತ್ತಿದ್ದದ್ದು ಇದನ್ನಲ್ಲ. ರಕ್ತಕ್ಕೆ ಬಣ್ಣ ಚುಚ್ಚಿ, ಕಿವಿಯ ಮೂಲಕ ಬೆಳಕು ಹಾಯಿಸಿ, ಹೃದಯ ಎಷ್ಟು ರಕ್ತ ತಳ್ಳುತ್ತದೆ ಅಂತ ಅಳೆಯಲು ಹೊರಟಿದ್ದರು. ನಾಡಿಯ ಏರಿಳಿತ ಅವರ ಅಳತೆಗೆ ಅಡ್ಡ ಬರುತ್ತಿತ್ತು. ಎರಡು ಬಣ್ಣದ ಬೆಳಕು ಬಳಸಿ ಅದನ್ನು ಅಳಿಸಲು ನೋಡಿದರು. ರಕ್ತದ ಆಕ್ಸಿಜನ್ ಬದಲಾದಾಗಲೆಲ್ಲ ಆ ಅಳಿಸುವ ಲೆಕ್ಕ ಕೆಡುತ್ತಿತ್ತು. ಕೆಡುತ್ತಿದೆ ಅಂದರೆ ಅದನ್ನೇ ಅಳೆಯಬಹುದಲ್ಲ ಅಂತ ಹೊಳೆಯಿತು. 1974ರಲ್ಲಿ ಆಕ್ಸಿಮೀಟರ್‌ನ ಈ ವಿಧಾನ ಹೊರಬಂತು.

ಈಗ ಒಂದು ಚಿಕ್ಕ ಲೆಕ್ಕ ಮಾಡೋಣ, ಹೆದರಬೇಡಿ. ಕೂಡಿಸುವುದು, ಭಾಗಿಸುವುದು ಬಂದರೆ ಸಾಕು. ಕೆಂಪಿನಲ್ಲಿ ಏರಿಳಿತ ನೂರಕ್ಕೆ ಎಷ್ಟು ಪಾಲು ಅಂತ ತೆಗೆದುಕೊಳ್ಳಿ. ಅದನ್ನು ಇನ್ಫ್ರಾರೆಡ್‌ನ ಪಾಲಿನಿಂದ ಭಾಗಿಸಿ. ಬಂದದ್ದಕ್ಕೆ R ಅಂತ ಹೆಸರು. ರಕ್ತದ ಆಕ್ಸಿಜನ್ ಸಂಖ್ಯೆಗೆ SpO2 ಅನ್ನುತ್ತಾರೆ. ಪುಸ್ತಕಗಳಲ್ಲಿ ಸಿಗುವ ಸರಳ ಸೂತ್ರ ಹೀಗಿದೆ:

```
SpO2 = 110 − 25 × R
```

ಪ್ರತಿ ಕಂಪನಿಯೂ ತನ್ನದೇ ಪಟ್ಟಿ ಇಟ್ಟುಕೊಂಡಿರುತ್ತದೆ. ಆರೋಗ್ಯವಂತರಿಗೆ ಕಡಿಮೆ ಆಕ್ಸಿಜನ್ ಇರುವ ಗಾಳಿ ಉಸಿರಾಡಿಸಿ, ರಕ್ತ ತೆಗೆದು ಪರೀಕ್ಷಿಸಿ, ಆ ಪಟ್ಟಿ ಮಾಡುತ್ತಾರೆ. ಆದರೆ ಈ ಸೂತ್ರ ನಮ್ಮ ಕೆಲಸಕ್ಕೆ ಸಾಕು.

ಆರೋಗ್ಯವಂತರೊಬ್ಬರ ಬೆರಳು. ಇನ್ಫ್ರಾರೆಡ್‌ನಲ್ಲಿ ಏರಿಳಿತ ನೂರಕ್ಕೆ 1, ಕೆಂಪಿನಲ್ಲಿ 0.5. R ಅಂದರೆ 0.5. 25ರ ಅರ್ಧ ಹನ್ನೆರಡೂವರೆ, 110ರಿಂದ ಕಳೆದರೆ 97.5. ಸರಿಯಾಗಿದೆ.

ಅದೇ ವ್ಯಕ್ತಿಯ ಮಣಿಕಟ್ಟು. ಇಲ್ಲಿ ನಾಡಿ ಐದನೇ ಒಂದು ಪಾಲು ಅಂದುಕೊಳ್ಳೋಣ. ಇನ್ಫ್ರಾರೆಡ್ 0.2, ಕೆಂಪು 0.1. R ಈಗಲೂ 0.5, ಉತ್ತರ ಈಗಲೂ 97.5. ನಾಡಿ ಸಣ್ಣದಾದರೂ ಉತ್ತರ ಕೆಡಲಿಲ್ಲ. ಇದೇ ಅವೊಯಾಗಿಯವರ ಜಾಣತನ.

ಈಗ ಆತ ಮಲಗಿದಲ್ಲೇ ಕೈ ಸ್ವಲ್ಪ ಮಿಸುಕಾಡಿತು. ಮಿಸುಕಾಟಕ್ಕೆ ಬಣ್ಣದ ಭೇದ ಇಲ್ಲ. ಕೆಂಪಿಗೂ ಇನ್ಫ್ರಾರೆಡ್‌ಗೂ ಹೆಚ್ಚು ಕಡಿಮೆ ಒಂದೇ ಸಮ ಸೇರಿಕೊಳ್ಳುತ್ತದೆ. ಎರಡಕ್ಕೂ 0.2 ಸೇರಿತು ಅನ್ನಿ. ಕೆಂಪು 0.3, ಇನ್ಫ್ರಾರೆಡ್ 0.4. R ಮುಕ್ಕಾಲು ಆಯಿತು. ಉತ್ತರ 91. ಮಿಸುಕಾಟ 0.6 ಆದರೆ ಕೆಂಪು 0.7, ಇನ್ಫ್ರಾರೆಡ್ 0.8, ಉತ್ತರ 88. ಇನ್ನೂ ಜಾಸ್ತಿ ಆದರೆ ನಾಡಿ ಲೆಕ್ಕಕ್ಕೇ ಇಲ್ಲದಂತಾಗಿ ಎರಡೂ ಸಮ ಆಗುತ್ತವೆ. R ಅಂದರೆ 1. 110ರಲ್ಲಿ 25 ಕಳೆಯಿರಿ.

85.

ನಮ್ಮ ಭಾವನವರ 84 ಬಂದದ್ದು ಇಲ್ಲಿಂದ. ಕೈ ಮೈಯ ಕೆಳಗೆ ಸಿಕ್ಕಿತ್ತು, ನಾಡಿಯ ಅಲೆ ಸಣ್ಣದಾಗಿತ್ತು. ಎದ್ದಾಗ ಕೈ ತಣ್ಣಗಿತ್ತು, ವಾಚು ಸಡಿಲವಿತ್ತು. ನಿಜವಾದ ವಾಚಿನೊಳಗಿನ ಲೆಕ್ಕ ನಾನು ಈಗ ಮಾಡಿದ್ದಕ್ಕಿಂತ ಜಟಿಲ, ಗದ್ದಲ ಎರಡು ಬೆಳಕಿಗೂ ಯಾವಾಗಲೂ ಅಷ್ಟು ಸಮನಾಗಿ ಸೇರುವುದೂ ಇಲ್ಲ. ಆದರೂ ಎಳೆತ ಇರುವುದು ಆ ಕಡೆಗೇ. ಆಸ್ಪತ್ರೆಯಲ್ಲಿ ರೋಗಿ ಚೆನ್ನಾಗಿ ಮಾತಾಡುತ್ತಿದ್ದು ಮಾನಿಟರ್ 85ರ ಆಸುಪಾಸಿನಲ್ಲಿ ಅಂಟಿಕೊಂಡಿದ್ದರೆ ನಾವು ಮೊದಲು ನೋಡುತ್ತಿದ್ದದ್ದು ಕ್ಲಿಪ್ ಸರಿ ಇದೆಯಾ ಅಂತ.

ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಗದ್ದಲ ಸಂಖ್ಯೆಯನ್ನು 85ಕ್ಕೆ ಎಳೆಯುತ್ತದೆ ಅಂದೆ. ಮೇಲಿಂದ ಮಾತ್ರ ಅಲ್ಲ, ಕೆಳಗಿಂದಲೂ ಎಳೆಯುತ್ತದೆ. ನಿಜವಾಗಿ 75 ಇರುವವರಿಗೂ 83, 84 ಅಂತ ತೋರಿಸಬಹುದು. ಹಾಗಾಗಿ 85 ಕಂಡರೆ "ಓ, ಅದು ಸುಳ್ಳು, ಅವರು ಹೇಳಿದ್ದರಲ್ಲ" ಅಂತ ಮಲಗಿಬಿಡಬೇಡಿ. ಎದ್ದು ಕೂರಿ. ಕೈ ಉಜ್ಜಿ ಬೆಚ್ಚಗೆ ಮಾಡಿಕೊಳ್ಳಿ. ವಾಚು ಬಿಗಿ ಮಾಡಿ, ಕೈಯನ್ನು ಮೇಜಿನ ಮೇಲೆ ಅಂಗಾತ ಅಲ್ಲ, ವಾಚಿನ ಮುಖ ಮೇಲಾಗುವಂತೆ ಇಡಿ. ಅರ್ಧ ನಿಮಿಷ ಮಾತಾಡದೆ ಅಳೆಯಿರಿ. ಮೂರು ಸಲ ಮಾಡಿ. ಮೂರೂ ಬೇರೆ ಬೇರೆ ಬಂದರೆ, 84, 93, 97 ಅಂತ, ಅದು ಅಳತೆಯ ತೊಂದರೆ. ಮೂರೂ ಸಲ ಕಡಿಮೆಯೇ ಬಂದರೆ ಬೆರಳಿನ ಆಕ್ಸಿಮೀಟರ್ ತನ್ನಿ. ಏದುಸಿರು, ಎದೆನೋವು, ತುಟಿ ನೀಲಿಯಾಗುವುದು, ತಲೆ ಮಂಕಾಗುವುದು ಇದ್ದರೆ ಇದ್ಯಾವ ಪರೀಕ್ಷೆಯೂ ಬೇಡ, ವಾಚು 99 ಅಂದರೂ ಆಸ್ಪತ್ರೆಗೆ ಹೊರಡಿ.

ವಾಚು 99 ಅಂದರೂ ಅಂದೆನಲ್ಲ, ಅದಕ್ಕೂ ಒಂದು ಕಾರಣ ಇದೆ. ಈ ಬೆಳಕು ನೋಡುವುದು ಬಣ್ಣವನ್ನು ಮಾತ್ರ. ಬಚ್ಚಲಲ್ಲಿ ಗ್ಯಾಸ್ ಗೀಸರ್ ಉರಿಸಿ, ಕಿಟಕಿ ಮುಚ್ಚಿ ಸ್ನಾನಕ್ಕೆ ಹೋದವರು ಸತ್ತ ಸುದ್ದಿ ನಮ್ಮಲ್ಲಿ ಆಗಾಗ ಬರುತ್ತದೆ. ಅಲ್ಲಿ ಕೊಲ್ಲುವುದು ಕಾರ್ಬನ್ ಮೊನಾಕ್ಸೈಡ್. ಅದು ಹಿಮೋಗ್ಲೋಬಿನ್‌ಗೆ ಅಂಟಿಕೊಂಡು ಆಕ್ಸಿಜನ್‌ಗೆ ಜಾಗ ಇಲ್ಲದಂತೆ ಮಾಡುತ್ತದೆ. ಆದರೆ ಹಾಗೆ ಅಂಟಿದ ರಕ್ತವೂ ಕೆಂಪಗೇ ಇರುತ್ತದೆ, ಕೆಂಪು ಬೆಳಕಿಗೆ ಆಕ್ಸಿಜನ್ ಹೊತ್ತ ರಕ್ತದ ಹಾಗೇ ಕಾಣುತ್ತದೆ. ಉಸಿರುಕಟ್ಟಿ ಬಿದ್ದವರ ಕೈಯಲ್ಲೂ ವಾಚು 98 ತೋರಿಸಬಹುದು. ಆಸ್ಪತ್ರೆಯ ಸಾಮಾನ್ಯ ಕ್ಲಿಪ್ಪೂ ಅಷ್ಟೇ. ರಕ್ತ ತೆಗೆದು ನೋಡಿದರೇ ಗೊತ್ತಾಗುವುದು.

ಚರ್ಮದ ಬಣ್ಣವೂ ಇದೆ. 2020ರಲ್ಲಿ ಅಮೆರಿಕದ ವೈದ್ಯರು ಆಸ್ಪತ್ರೆಯ ದಾಖಲೆಗಳನ್ನು ತೆಗೆದು ನೋಡಿದರು. ಬೆರಳಿನ ಆಕ್ಸಿಮೀಟರ್ 92ರಿಂದ 96 ತೋರಿಸುತ್ತಿದ್ದರೂ ರಕ್ತ ಪರೀಕ್ಷೆಯಲ್ಲಿ 88ಕ್ಕಿಂತ ಕಡಿಮೆ ಇದ್ದ ಪ್ರಕರಣಗಳು ಬಿಳಿಯರಲ್ಲಿ ನೂರಕ್ಕೆ 3.6, ಕಪ್ಪು ಜನರಲ್ಲಿ 11.7. ಚರ್ಮದ ಬಣ್ಣ ನಾಡಿಯ ಜೊತೆ ಏರಿಳಿಯುವುದಿಲ್ಲ, ಹಾಗಾಗಿ ಆ ಭಾಗಾಕಾರದಲ್ಲಿ ಅದು ಹೊಡೆದುಹೋಗಬೇಕಿತ್ತು. ಪೂರ್ತಿ ಹೋಗುತ್ತಿಲ್ಲ. ಅದೂ ಆಸ್ಪತ್ರೆಯ ಉಪಕರಣದಲ್ಲಿ, ಬೆರಳಿನಲ್ಲಿ. ನಮ್ಮ ಹಾಗೆ ಕಪ್ಪಗಿರುವವರು ವಾಚಿನ ಸಂಖ್ಯೆಯನ್ನು ಸ್ವಲ್ಪ ಕೆಳಗೇ ಇಟ್ಟು ಯೋಚಿಸುವುದು ಒಳ್ಳೆಯದು ಅನ್ನುವುದು ನನ್ನ ಅಭಿಪ್ರಾಯ. ಒಳ್ಳೆಯ ಬೆರಳಿನ ಆಕ್ಸಿಮೀಟರ್ ಕೂಡ ಎರಡು ಮೂರು ಅಂಕ ಆಚೀಚೆ ಆಗುತ್ತದೆ. ನಿನ್ನೆ 97, ಇವತ್ತು 95 ಅಂತ ಕೊರಗುವವರನ್ನು ಕಂಡರೆ ನನಗೆ ಪಾಪ ಅನ್ನಿಸುತ್ತದೆ. ಅಳತೆಯ ಲೆಕ್ಕದಲ್ಲಿ ಆ ಎರಡೂ ಒಂದೇ.

ಮಧ್ಯದಲ್ಲಿ ಒಬ್ಬರು ಚೀಟಿ ಕಳಿಸಿದ್ದಾರೆ. "ನನ್ನ ತಾಯಿಯ ವಾಚು ಕೂತಾಗಲೂ ನಾಡಿ 39 ಅನ್ನುತ್ತದೆ, ಅವರು ಆರಾಮಾಗಿ ಅಡುಗೆ ಮಾಡಿಕೊಂಡಿದ್ದಾರೆ, ಇದೂ ಸುಳ್ಳಾ?" ಅಂತ. ಇದನ್ನು ಸುಳ್ಳು ಅಂತ ಬಿಡಬೇಡಿ. ಕೆಲವರಿಗೆ ಒಂದು ಬಡಿತ ಸರಿ, ಅದರ ಬೆನ್ನಿಗೇ ಒಂದು ಅವಸರದ ಬಡಿತ, ಹೀಗೆ ಜೋಡಿ ಜೋಡಿಯಾಗಿ ಬರುತ್ತದೆ. ಅವಸರದ ಬಡಿತದಲ್ಲಿ ಹೃದಯ ತುಂಬಿಕೊಳ್ಳುವಷ್ಟು ಹೊತ್ತು ಇರುವುದಿಲ್ಲ, ಅದು ತಳ್ಳುವ ರಕ್ತ ಮಣಿಕಟ್ಟಿನವರೆಗೆ ಅಲೆ ಎಬ್ಬಿಸುವುದಿಲ್ಲ. ಹೃದಯ 78 ಸಲ ಬಡಿದರೆ ವಾಚಿಗೆ ಕಾಣುವುದು 39. ಬೆರಳಿಟ್ಟು ನಾಡಿ ನೋಡಿದರೂ 39 ಸಿಗುತ್ತದೆ, ಅಂದರೆ ವಾಚು ತನಗೆ ಕಂಡದ್ದನ್ನು ಸರಿಯಾಗಿಯೇ ಹೇಳಿದೆ. ನಿಜವಾಗಿಯೇ ಹೃದಯ ನಿಧಾನ ಆಗಿದ್ದರೂ ಹೀಗೇ ಕಾಣುತ್ತದೆ. ಇವೆರಡರಲ್ಲಿ ಯಾವುದು ಅನ್ನುವುದನ್ನು ಬೆಳಕು ಹೇಳಲಾರದು, ಇಸಿಜಿ ಹೇಳುತ್ತದೆ. ನಾಳೆಯೇ ತಾಯಿಯವರನ್ನು ಕರೆದುಕೊಂಡು ಹೋಗಿ ಒಂದು ಇಸಿಜಿ ತೆಗೆಸಿ. ಹೋಗುವಾಗ ವಾಚಿನ ಗ್ರಾಫನ್ನೂ ಡಾಕ್ಟರಿಗೆ ತೋರಿಸಿ, ದಿನದ ಯಾವ ಹೊತ್ತಿನಲ್ಲಿ ಹೀಗಾಗುತ್ತದೆ ಅನ್ನುವುದು ಅದರಲ್ಲಿ ಇರುತ್ತದೆ.